ಸೀಲಿನ ಇಂಕು ಮಾತ್ರ ಉಳಿಸಿಕೊಳ್ಳುವುದು: ಒಂದು ನೇರಳೆ ಸೀಲು, ಕಾಗದದಿಂದ ಪಿಡಿಎಫ್‌ವರೆಗೆ

ಸೀಲು ಒತ್ತಿದ ಹಾಳೆಯನ್ನು ಸ್ಕ್ಯಾನ್ ಮಾಡಿ, ಬಿಳಿ ಭಾಗವನ್ನು ಆಯ್ದು ಡಿಲೀಟ್ ಒತ್ತುವುದು ಎಲ್ಲರೂ ಮೊದಲು ಹಿಡಿಯುವ ದಾರಿ. ಬಿಳಿ ಪುಟದ ಮೇಲಿಟ್ಟು ನೋಡಿದರೆ ಕೆಲಸ ಮುಗಿದಂತೆಯೇ ಕಾಣುತ್ತದೆ. ಅದೇ ಚಿತ್ರವನ್ನು ತಿಳಿ ಹಳದಿ ಲೆಟರ್‌ಹೆಡ್ ಮೇಲೋ ಬೂದು ಬಣ್ಣ ತುಂಬಿದ ಕೋಷ್ಟಕದ ಮೇಲೋ ಇಟ್ಟ ಕೂಡಲೇ ಬಣ್ಣ ಬಯಲಾಗುತ್ತದೆ. ಪ್ರತಿ ಅಕ್ಷರದ ಸುತ್ತ ಬಿಳಿಚಿಕೊಂಡ ಅಂಚು, ಅಕ್ಷರಗಳ ಹೊಟ್ಟೆಯೊಳಗೆ ಉಳಿದುಹೋದ ಕಾಗದ, ಅಲ್ಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಗೆರೆ.

ತೊಂದರೆ ಇರುವುದು ಆಯ್ಕೆ ಮಾಡುವ ಕೈಯಲ್ಲಲ್ಲ. ಇಂಕು ಮತ್ತು ಕಾಗದದ ನಡುವೆ ಕತ್ತರಿಸುವಂಥ ಗಡಿಯೇ ಸ್ಕ್ಯಾನಿನಲ್ಲಿ ಇರುವುದಿಲ್ಲ. ಅಂಚಿನಲ್ಲಿರುವ ಪಿಕ್ಸೆಲ್ ಸ್ವಲ್ಪ ಇಂಕನ್ನೂ ಸ್ವಲ್ಪ ಕಾಗದವನ್ನೂ ಒಟ್ಟಿಗೆ ಕಂಡಿರುತ್ತದೆ. ಅದರ ಬಣ್ಣ ಎರಡರ ಮಿಶ್ರಣ. ಅದನ್ನು ಪೂರ್ತಿ ಇಟ್ಟುಕೊಂಡರೆ ಕಾಗದವೂ ಜತೆಗೆ ಬರುತ್ತದೆ, ಪೂರ್ತಿ ಬಿಟ್ಟರೆ ಗೆರೆ ತೆಳುವಾಗಿ ಹಲ್ಲುಹಲ್ಲಾಗುತ್ತದೆ. ಹಾಗಾಗಿ ಬಿಳಿಯನ್ನು ಅಳಿಸುವ ಯೋಚನೆಯನ್ನೇ ಬಿಟ್ಟು, ಪ್ರತಿ ಪಿಕ್ಸೆಲ್‌ನಲ್ಲಿ ಎಷ್ಟು ಪಾಲು ಇಂಕಿದೆ ಎಂದು ಅಳೆಯಬೇಕು. ಆ ಅಳತೆಯೇ ಆ ಪಿಕ್ಸೆಲ್‌ನ ಅಪಾರದರ್ಶಕತೆ, ಅಂದರೆ ಆಲ್ಫಾ. ಬಣ್ಣವನ್ನು ಸ್ಕ್ಯಾನಿನಿಂದ ಹೊತ್ತು ತರುವುದೇ ಬೇಡ. ಒಂದೇ ಇಂಕಿನ ಬಣ್ಣವನ್ನು ನಾವೇ ತುಂಬಿ, ಅಳೆದ ಆಲ್ಫಾವನ್ನು ಅದಕ್ಕೆ ತೊಡಿಸಿದರೆ ಸಾಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 38 ಮಿಲಿಮೀಟರ್ ವ್ಯಾಸದ ದುಂಡು ಸೀಲು. ಹೊರಗೆ ಎರಡು ವೃತ್ತ, ಅವುಗಳ ನಡುವೆ ಸುತ್ತಲೂ ಹೆಸರು, ಮಧ್ಯದಲ್ಲಿ ಹುದ್ದೆ. ಇಂಕು ಸ್ಟ್ಯಾಂಪ್ ಪ್ಯಾಡಿನ ಮಾಮೂಲಿ ನೇರಳೆ. ಸೀಲು ನಮ್ಮದೇ ಆಗಿದೆ, ಅಥವಾ ಅದನ್ನು ಹೀಗೆ ಬಳಸಲು ಅನುಮತಿಯಿದೆ ಎಂಬುದು ಹೇಳದೆಯೂ ತಿಳಿಯಬೇಕಾದ ಮಾತು.

ಒತ್ತುವ ಹಂತ

ಮುಂದಿನ ಕೆಲಸದ ಮುಕ್ಕಾಲು ಪಾಲು ಇಲ್ಲೇ ನಿರ್ಧಾರವಾಗುತ್ತದೆ. ಇಲ್ಲಿ ಅರ್ಧ ಮೂಡಿದ ಅಕ್ಷರವನ್ನು ಕಂಪ್ಯೂಟರಿನಲ್ಲಿ ತಿದ್ದಲು ಹೊರಟರೆ ಅದು ಸೀಲನ್ನು ಹೊಸದಾಗಿ ಬರೆದಂತೆ, ಮತ್ತು ನೋಡಿದವರಿಗೆ ಹಾಗೆಯೇ ಕಾಣುತ್ತದೆ.

ನುಣುಪಾದ, ಆದರೆ ಹೊಳಪಿಲ್ಲದ ಬಿಳಿ ಹಾಳೆ ಬೇಕು. ಪ್ರಿಂಟರಿಗೆ ಹಾಕುವ ಒಳ್ಳೆಯ ಹಾಳೆಯೇ ಆಗುತ್ತದೆ. ಒರಟು ಹಾಳೆಯಲ್ಲಿ ಇಂಕು ನಾರುಗಳ ಜಾಡು ಹಿಡಿದು ಹರಿದು ಅಕ್ಷರದ ಅಂಚಿಗೆ ಮೀಸೆ ಮೂಡಿಸುತ್ತದೆ. ಹೊಳಪು ಹಾಳೆಯಲ್ಲಿ ಇನ್ನೊಂದು ಬಗೆಯ ಪೇಚು: ಸ್ಟ್ಯಾಂಪ್ ಪ್ಯಾಡಿನ ಇಂಕು ಒಣಗುವುದು ಹೆಚ್ಚಾಗಿ ಕಾಗದದೊಳಗೆ ಇಂಗಿಯೇ; ಮೇಲೆ ಲೇಪನವಿದ್ದರೆ ಅದು ಇಂಗದೆ ಹನಿಹನಿಯಾಗಿ ನಿಲ್ಲುತ್ತದೆ, ಕೈ ತಾಗಿದರೆ ಬಳಿದುಹೋಗುತ್ತದೆ.

ಹಾಳೆಯ ಕೆಳಗೆ ಹತ್ತು ಹದಿನೈದು ಹಾಳೆಗಳ ಮೆತ್ತೆ ಇಡಿ. ಗಟ್ಟಿ ಮೇಜಿನ ಮೇಲೆ ಒತ್ತಿದರೆ ರಬ್ಬರಿನ ಎತ್ತರದ ಭಾಗ ಮಾತ್ರ ಮುಟ್ಟಿ, ಒಂದು ಬದಿ ಗಾಢವಾಗಿ ಇನ್ನೊಂದು ಬದಿ ಮಾಸಲಾಗಿ ಬರುತ್ತದೆ. ಮೆತ್ತೆ ತೀರಾ ಮೃದುವಾದರೆ ಕಾಗದ ಒಳಗೆ ತಗ್ಗಿ, ಸೀಲಿನ ಅಕ್ಷರವಿಲ್ಲದ ತಳಭಾಗದ ಇಂಕೂ ಹಾಳೆಗೆ ತಾಗುತ್ತದೆ. ನೇರವಾಗಿ ಇಳಿಸಿ, ಒಮ್ಮೆ ಒತ್ತಿ, ನೇರವಾಗಿ ಎತ್ತಬೇಕು. ಅತ್ತಿತ್ತ ಹೊರಳಿಸಿ ಒತ್ತುವ ಅಭ್ಯಾಸ ಇರುವವರಿಗೆ ಹೊರವೃತ್ತ ಜೋಡಿಯಾಗಿ ಮೂಡುತ್ತದೆ.

ಒಂದೇ ಹಾಳೆಯ ಮೇಲೆ ಎಂಟು ಹತ್ತು ಅಚ್ಚು ಒತ್ತಿ, ನಡುವೆ ಬೆರಳಗಲ ಜಾಗ ಬಿಡಿ. ಪ್ಯಾಡಿಗೆ ಅದ್ದಿದ ಕೂಡಲೇ ಒತ್ತಿದ ಅಚ್ಚು ಸಾಮಾನ್ಯವಾಗಿ ಒಳ್ಳೆಯದಿರುವುದಿಲ್ಲ. ಇಂಕು ಹೆಚ್ಚಾಗಿ ರಬ್ಬರಿನ ಅಂಚಿಗೆ ಹಿಂಡಿಕೊಂಡು ಬಂದು, ಅಕ್ಷರದ ಸುತ್ತ ಕಡುಗೆರೆ, ನಡುವೆ ತಿಳಿ ಬಣ್ಣ ಎಂಬಂತಾಗುತ್ತದೆ. ಮತ್ತೆ ಅದ್ದದೆ ಒತ್ತಿದ ಎರಡನೆಯದು ಅಥವಾ ಮೂರನೆಯದರಲ್ಲಿ ಇಂಕು ಸಮವಾಗಿರುತ್ತದೆ. ಆಯ್ಕೆ ಮಾಡುವಾಗ ಗಾಢವಾಗಿ ಬಂದದ್ದಕ್ಕಿಂತ ಸಮವಾಗಿ ಬಂದದ್ದನ್ನೇ ಆರಿಸಿ. ಸಮವಾದ ತಿಳಿ ಅಚ್ಚನ್ನು ಆಮೇಲೆ ಗಾಢ ಮಾಡಬಹುದು. ಅಂಚಿಗೆ ಹಿಂಡಿದ ಇಂಕನ್ನು ಮರಳಿ ನಡುವಿಗೆ ತರಲಾಗದು. ಸಣ್ಣ ಅಕ್ಷರಗಳ ಒಳಗಿನ ಖಾಲಿ ಜಾಗ, ಒತ್ತಕ್ಷರಗಳ ಸುಳಿ, ಸೊನ್ನೆಯ ಹೊಟ್ಟೆ, ಇವು ತೆರೆದೇ ಇವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿದರೆ ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವುದು ತಿಳಿದುಬಿಡುತ್ತದೆ.

ಅಚ್ಚು ಪೂರ್ತಿ ಒಣಗಲು ಬಿಡಿ. ಹಸಿಯಿರುವಾಗಲೇ ಗಾಜಿನ ಮೇಲಿಟ್ಟರೆ ಇಂಕು ಗಾಜಿಗೆ ಹತ್ತಿ, ಮುಂದೆ ಸ್ಕ್ಯಾನ್ ಮಾಡಿದ ಪ್ರತಿ ಪುಟದಲ್ಲೂ ಅದರ ನೆರಳು ಕಾಣಿಸಿಕೊಳ್ಳುತ್ತದೆ.

ಸ್ಕ್ಯಾನ್

24 ಬಿಟ್ ಬಣ್ಣ, 600 ಡಿಪಿಐ. ಸೀಲು ಒಂದೇ ಬಣ್ಣದ್ದಲ್ಲವೇ, ಕಪ್ಪು ಬಿಳುಪು ಸಾಲದೇ ಎಂದು ಅನ್ನಿಸಬಹುದು. ಕಪ್ಪು ಬಿಳುಪು ಮೋಡಿನಲ್ಲಿ ಪ್ರತಿ ಪಿಕ್ಸೆಲ್ ಇದೆ ಅಥವಾ ಇಲ್ಲ ಎಂದಷ್ಟೇ ದಾಖಲಾಗುವುದರಿಂದ ನಮಗೆ ಬೇಕಾದ ಅಳತೆಯೇ ಕಳೆದುಹೋಗುತ್ತದೆ. ಗ್ರೇಸ್ಕೇಲ್ ಪರವಾಗಿಲ್ಲ, ಆದರೆ ಬಣ್ಣದಲ್ಲಿ ತೆಗೆದರೆ ಏನು ಲಾಭ ಎನ್ನುವುದು ಮುಂದಿನ ಹಂತದಲ್ಲಿ ಕಾಣುತ್ತದೆ. 600 ಡಿಪಿಐನಲ್ಲಿ ನಮ್ಮ 38 ಮಿಲಿಮೀಟರ್ ಸೀಲು ಸುಮಾರು 898 ಪಿಕ್ಸೆಲ್ ಅಗಲ ಬರುತ್ತದೆ. 1200ಕ್ಕೆ ಏರಿಸಿದರೆ ಹೆಚ್ಚು ಕಾಣುವುದು ಕಾಗದದ ನಾರುಗಳೇ ಹೊರತು ಸೀಲಿನ ವಿವರವಲ್ಲ. ರಬ್ಬರಿನ ಅಂಚಿನಿಂದ ಇಂಕು ಹರಡಿರುವ ಅಗಲವೇ ಅದಕ್ಕಿಂತ ದೊಡ್ಡದು.

ಸ್ಕ್ಯಾನರಿನ ತಂತ್ರಾಂಶ ತಾನಾಗಿ ಮಾಡುವ ಉಪಕಾರಗಳನ್ನೆಲ್ಲ ಆಫ್ ಮಾಡಿ: ತಾನೇ ಬೆಳಕು ಹೊಂದಿಸುವುದು, ಹಿನ್ನೆಲೆ ತೆಗೆಯುವುದು, ಅಕ್ಷರ ಚೂಪು ಮಾಡುವುದು, ಅಚ್ಚಿನ ಚುಕ್ಕಿ ಮಸುಕು ಮಾಡುವುದು. ಇವುಗಳಲ್ಲಿ ಅತಿ ಮೋಸದ್ದು ಹಿನ್ನೆಲೆ ತೆಗೆಯುವುದು. ಕಾಗದ ಅಪ್ಪಟ ಬಿಳಿಯಾಗಿ ಬರುವುದರಿಂದ ಖುಷಿಯಾಗುತ್ತದೆ, ಆದರೆ ಅದರ ಜತೆಗೆ ತೆಳು ಇಂಕಿನ ಭಾಗಗಳೂ ಬಿಳಿಯಾಗಿಬಿಟ್ಟಿರುತ್ತವೆ.

ಉಳಿಸುವುದು ಪಿಎನ್‌ಜಿ ಅಥವಾ ಟಿಫ್‌ನಲ್ಲಿ. ಜೆಪೆಗ್ ಬೇಡ ಎನ್ನಲು ಇಲ್ಲಿ ವಿಶೇಷ ಕಾರಣವಿದೆ. ಜೆಪೆಗ್ ಸಾಮಾನ್ಯವಾಗಿ ಬೆಳಕಿನ ಮಾಹಿತಿಯನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕೆ ಇಳಿಸುತ್ತದೆ. ಫೋಟೋದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ನಾವು ಅಳೆಯಹೊರಟಿರುವುದೇ ಒಂದು ಬಣ್ಣದ ಚಾನೆಲ್, ಅಂದರೆ ಕೆಂಪು, ಹಸಿರು, ನೀಲಿಗಳಲ್ಲಿ ಒಂದರ ಮಟ್ಟ ಮಾತ್ರ. ಆದ್ದರಿಂದ ಅಕ್ಷರದ ಸುತ್ತ ಚೌಕ ಚೌಕವಾದ ಕೊಳೆ ಆಲ್ಫಾಕ್ಕೆ ಬಂದು ಸೇರುತ್ತದೆ. ಸ್ಕ್ಯಾನರ್ ನೇರವಾಗಿ ಪಿಡಿಎಫ್ ಕೊಟ್ಟರೂ ಒಳಗೆ ಸಾಮಾನ್ಯವಾಗಿ ಇರುವುದು ಜೆಪೆಗ್ಗೇ.

ಕೆಂಪು ಚಾನೆಲ್

ನೇರಳೆ ಅಥವಾ ನೀಲಿ ಇಂಕು ನೀಲಿಯಾಗಿ ಕಾಣುವುದು ಅದು ಕೆಂಪು ಬೆಳಕನ್ನು ನುಂಗಿಕೊಂಡು ನೀಲಿಯನ್ನು ವಾಪಸು ಬಿಡುವುದರಿಂದ. ಹಾಗಾಗಿ ಸ್ಕ್ಯಾನಿನ ಕೆಂಪು ಚಾನೆಲ್ ಒಂದನ್ನೇ ತೆಗೆದು ನೋಡಿದರೆ ಸೀಲು ಹೆಚ್ಚುಕಡಿಮೆ ಕಪ್ಪಾಗಿ, ಕಾಗದ ಬೆಳ್ಳಗೆ ಕಾಣುತ್ತದೆ. ಸೊನ್ನೆ ಎಂದರೆ ಕಪ್ಪು, 255 ಎಂದರೆ ಪೂರ್ತಿ ಬೆಳಕು ಎಂಬ ಲೆಕ್ಕದಲ್ಲಿ, ನಮ್ಮ ಉದಾಹರಣೆಯಲ್ಲಿ ಇಂಕು ತುಂಬಿರುವ ಜಾಗದ ಬಣ್ಣ ಕೆಂಪು 70, ಹಸಿರು 60, ನೀಲಿ 158. ಕಾಗದ ಮೂರರಲ್ಲೂ 236ರ ಆಸುಪಾಸು. ಕೆಂಪಿನಲ್ಲಿ ಇಂಕಿಗೂ ಕಾಗದಕ್ಕೂ 166 ಮಟ್ಟಗಳ ಅಂತರ ಸಿಕ್ಕರೆ, ನೀಲಿಯಲ್ಲಿ ಬರೀ 78. ಗ್ರೇಸ್ಕೇಲ್ ಎಂದರೆ ಮೂರನ್ನೂ ಬೆರೆಸಿದ್ದು. ಹಸಿರು ಚಾನೆಲ್ ಈ ಇಂಕಿಗೆ ಕೆಂಪಿನಷ್ಟೇ ಚೆನ್ನಾಗಿದೆ. ಅಪ್ಪಟ ನೀಲಿ ಇಂಕಾದರೆ ಕೆಂಪೇ ಗೆಲ್ಲುತ್ತದೆ. ಕೆಂಪು ಸೀಲಿಗೆ ಹಸಿರು ಚಾನೆಲ್, ಹಸಿರು ಸೀಲಿಗೆ ಕೆಂಪು ಚಾನೆಲ್, ಕಪ್ಪು ಸೀಲಿಗೆ ಯಾವುದಾದರೂ ಸರಿ.

ಈಗ ಎರಡು ಅಂಕಿ ಗೊತ್ತುಮಾಡಬೇಕು: ಎಲ್ಲಿಂದ ಮೇಲೆ ಎಲ್ಲವೂ ಕಾಗದ, ಎಲ್ಲಿಂದ ಕೆಳಗೆ ಎಲ್ಲವೂ ಪೂರ್ತಿ ಇಂಕು. ಕಾಗದದ ಸರಾಸರಿ 236 ಎಂದು ಅದನ್ನೇ ಕಾಗದದ ಅಂಕಿ ಮಾಡಬಾರದು. ನಾರು, ಮೇಲ್ಮೈಯ ಉಬ್ಬುತಗ್ಗುಗಳಿಂದ ಅದು 230ರಿಂದ 242ರವರೆಗೆ ಓಲಾಡುತ್ತಿರುತ್ತದೆ. ಸರಾಸರಿಯಲ್ಲಿ ಕಡಿದರೆ ಅರ್ಧ ಕಾಗದ ತೆಳು ನೇರಳೆ ಧೂಳಾಗಿ ಉಳಿಯುತ್ತದೆ. ಓಲಾಟದ ಕೆಳತುದಿಗಿಂತ ಸ್ವಲ್ಪ ಕೆಳಗೆ, 225ಕ್ಕೆ ಇಡೋಣ. ಇಂಕಿನ ಕಡೆ 70. ನಡುವೆ ಇರುವುದಕ್ಕೆಲ್ಲ ಲೆಕ್ಕ ಇಷ್ಟೇ:

```
alpha = (225 - R) / (225 - 70)
```

ಉತ್ತರ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆ, ಒಂದನ್ನು ಮೀರಿದರೆ ಒಂದು.

ಹೊರವೃತ್ತದ ತೆಳು ಗೆರೆಯನ್ನು ಅಡ್ಡ ಹಾಯುವ ಹತ್ತು ಪಿಕ್ಸೆಲ್‌ಗಳನ್ನು ಹತ್ತಿರದಿಂದ ನೋಡಿದರೆ ಇದು ಏನು ಮಾಡುತ್ತದೆ ಎನ್ನುವುದು ಸ್ಪಷ್ಟವಾಗುತ್ತದೆ. ಕೆಂಪು ಚಾನೆಲ್ಲಿನ ಬೆಲೆಗಳು ಎಡದಿಂದ ಬಲಕ್ಕೆ 236, 233, 196, 121, 74, 68, 72, 110, 189, 234. ಎರಡು ತುದಿಗಳಲ್ಲಿ ಇರುವುದು ಕಾಗದ, ಅಲ್ಲಿ ಆಲ್ಫಾ ಸೊನ್ನೆ. 196 ಇರುವಲ್ಲಿ 0.19, 121ಕ್ಕೆ 0.67, ನಡುವಿನ ಮೂರಕ್ಕೆ ಸರಿಸುಮಾರು ಒಂದು, ಆಮೇಲೆ 0.74, 0.23, ಮತ್ತೆ ಸೊನ್ನೆ. ಬಿಳಿ ಅಳಿಸುವ ದಾರಿಯಲ್ಲಿ ಆ 196ರ ಪಿಕ್ಸೆಲ್ ಒಂದೋ ಮಾಯವಾಗುತ್ತಿತ್ತು, ಇಲ್ಲವೇ ತಿಳಿ ನೇರಳೆ ಬಣ್ಣದ ಗಟ್ಟಿ ಚುಕ್ಕೆಯಾಗಿ ಉಳಿಯುತ್ತಿತ್ತು. ಹಳದಿ ಪುಟದ ಮೇಲೆ ಬೆಳ್ಳಗೆ ಕಾಣುವುದು ಅದೇ. ಈಗ ಅದು ಗಾಢ ನೇರಳೆಯೇ, ಆದರೆ ಶೇಕಡಾ 19ರಷ್ಟು ಮಾತ್ರ. ಕೆಳಗೆ ಯಾವ ಬಣ್ಣವಿದ್ದರೂ ಅದರೊಂದಿಗೆ ಬೆರೆಯುತ್ತದೆ.

ಇಂಕಿನ ಅಂಕಿಯನ್ನು 70ರ ಬದಲು 120ಕ್ಕೆ ಏರಿಸಿದರೆ ಮಾಸಲಾದ ಅಚ್ಚು ಗಾಢವಾಗುತ್ತದೆ, ಜತೆಗೆ ಗೆರೆಗಳೂ ದಪ್ಪವಾಗುತ್ತವೆ, ಏಕೆಂದರೆ ಅಂಚಿನ ಪಿಕ್ಸೆಲ್‌ಗಳೂ ಪೂರ್ತಿ ಇಂಕಾಗುವತ್ತ ಸರಿಯುತ್ತವೆ. ಅಕ್ಷರದ ಒಳಗಿನ ಸಣ್ಣ ಜಾಗಗಳು ಮುಚ್ಚಿಕೊಳ್ಳಲು ಶುರುವಾದರೆ ಅಲ್ಲಿಗೆ ನಿಲ್ಲಿಸಬೇಕು. ಇಂಕಿನೊಳಗಿನ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳನ್ನು ಮುಚ್ಚಿಹಾಕಲು ಹೋಗಬೇಡಿ. ಅವು ಇದ್ದರೇ ಅದು ಒತ್ತಿದ ಸೀಲಿನಂತೆ ಕಾಣುವುದು.

ಗಿಂಪ್‌ನಲ್ಲಿ

ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಸ್ಕ್ಯಾನನ್ನು ತೆರೆದು, ಆರಿಸಿದ ಅಚ್ಚಿನ ಸುತ್ತ ಒಂದಿಷ್ಟು ಜಾಗ ಬಿಟ್ಟು ಕತ್ತರಿಸಿಕೊಳ್ಳಿ. ಸೀಲು ಓರೆಯಾಗಿದ್ದರೆ ಈಗಲೇ, ಒಂದೇ ಸಲಕ್ಕೆ ತಿರುಗಿಸಿ. ಪ್ರತಿ ಬಾರಿ ತಿರುಗಿಸಿದಾಗಲೂ ಪಿಕ್ಸೆಲ್‌ಗಳು ಹೊಸದಾಗಿ ಲೆಕ್ಕವಾಗಿ ಅಂಚು ಸ್ವಲ್ಪ ಮಂಕಾಗುತ್ತದೆ.

`Colors > Components > Extract Component` ತೆರೆದು `RGB Red` ಆಯ್ಕೆ ಮಾಡಿ. ಚಿತ್ರ ಬೂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ `Linear output` ಗುರುತು ಹಾಕಿರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮೇಲಿನ ಅಂಕಿಗಳು ಯಾವುವೂ ಹೊಂದುವುದಿಲ್ಲ. ಮುಂದೆ `Colors > Levels`, ಇನ್‌ಪುಟ್ಟಿನ ಎಡಕ್ಕೆ 70, ಬಲಕ್ಕೆ 225. ಈ ಅಂಕಿಗಳು ನಮ್ಮ ಉದಾಹರಣೆಯವು. ನಿಮ್ಮ ಸ್ಕ್ಯಾನಿನಲ್ಲಿ ಕಾಗದವೂ ಇಂಕೂ ಎಲ್ಲಿ ನಿಂತಿವೆ ಎಂದು ಹಿಸ್ಟೋಗ್ರಾಮ್ ನೋಡಿ. ಬಲಗಡೆಯ ದೊಡ್ಡ ಗುಡ್ಡ ಕಾಗದ, ಅದರ ಎಡ ಬುಡದಲ್ಲಿ ನಿಮ್ಮ 225.

ಆಮೇಲೆ `Layer > Mask > Add Layer Mask`. ಅಲ್ಲಿ `Grayscale copy of layer` ಆರಿಸಿ, ಕೆಳಗಿನ `Invert mask` ಗುರುತು ಹಾಕಿ. ಕಾಗದವಿದ್ದಲ್ಲಿ ಮಾಸ್ಕ್ ಕಪ್ಪು, ಇಂಕಿದ್ದಲ್ಲಿ ಬಿಳಿ ಆಗಬೇಕಾದ್ದರಿಂದ ಇದು ಬೇಕು. ಈಗ ಲೇಯರ್ ಪಟ್ಟಿಯಲ್ಲಿ ಮಾಸ್ಕನ್ನು ಬಿಟ್ಟು ಅದರ ಪಕ್ಕದ ಚಿತ್ರದ ಮೇಲೆ ಒತ್ತಿ, ಮುಂಬಣ್ಣವನ್ನು `#463C9E` ಮಾಡಿ, `Edit > Fill with FG Color` ಕೊಡಿ. ಚಿತ್ರದ ಬದಲು ಮಾಸ್ಕ್ ಆಯ್ಕೆಯಾಗಿದ್ದರೆ ಅಚ್ಚೇ ಮಾಯವಾಗಿ ಬೂದು ಚೌಕ ಉಳಿಯುತ್ತದೆ. ಹಾಗಾದರೆ ಒಂದು ಹೆಜ್ಜೆ ಹಿಂದೆ ಹೋಗಿ ಸರಿಯಾದದ್ದನ್ನು ಆರಿಸಿ. `#463C9E` ಎಂದರೆ ನಾವು ಅಳೆದ 70, 60, 158 ಅಷ್ಟೇ. ನಿಮ್ಮ ಇಂಕಿನ ಬಣ್ಣ ತೆಗೆಯುವಾಗ ಒಂದೇ ಪಿಕ್ಸೆಲ್ ಆರಿಸದೆ, ದಪ್ಪ ಅಕ್ಷರದ ಒಳಗೆ ಹತ್ತಾರು ಪಿಕ್ಸೆಲ್‌ಗಳ ಸರಾಸರಿ ತೆಗೆಯಿರಿ.

ಇನ್ನು ಉಳಿದದ್ದು ಕಾಗದದ ಮೇಲಿನ ಧೂಳಿನ ಚುಕ್ಕೆಗಳು. ಬಿಳಿಯ ಮೇಲೆ ಅವು ಕಾಣದೆ ತಪ್ಪಿಸಿಕೊಳ್ಳುತ್ತವೆ. ಕೆಳಗೆ ಒಂದು ಲೇಯರ್ ಸೇರಿಸಿ ಗಾಢ ಹಳದಿ ತುಂಬಿ ನೋಡಿದರೆ ಹೊರಬೀಳುತ್ತವೆ. ಮಾಸ್ಕಿನ ಮೇಲೆ ಕಪ್ಪು ಕುಂಚ ಆಡಿಸಿ ಅಳಿಸಿ. ನಂತರ ಆ ಹಳದಿಯನ್ನು ಅಪ್ಪಟ ಕಪ್ಪಿಗೆ ಬದಲಿಸಿ ಇನ್ನೊಮ್ಮೆ ನೋಡಿ. ಕಪ್ಪಿನ ಮೇಲೆ ಅಕ್ಷರಗಳ ಸುತ್ತ ಬೆಳ್ಳನೆಯ ರೇಖೆ ಎಲ್ಲಿಯೂ ಇರಬಾರದು. ಇದ್ದರೆ ಬಣ್ಣ ತುಂಬುವ ಹಂತ ತಪ್ಪಿಹೋಗಿ ಹಳೆಯ ಸ್ಕ್ಯಾನಿನ ಬಣ್ಣವೇ ಉಳಿದಿದೆ ಎಂದರ್ಥ. ಪರೀಕ್ಷೆಗೆ ಹಾಕಿದ ಲೇಯರನ್ನು ಮರೆಯದೆ ಅಳಿಸಿ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ.

ಒಂದು ಗೊಂದಲ ಇಲ್ಲಿ ಆಗಾಗ ಎದುರಾಗುತ್ತದೆ. ಗಿಂಪ್ 2.10ರಿಂದ ಈಚೆಗೆ ಲೇಯರುಗಳನ್ನು ಬೆರೆಸುವ ಮಾಮೂಲಿ ಲೆಕ್ಕ ಲೀನಿಯರ್ ಬೆಳಕಿನಲ್ಲಿ ನಡೆಯುತ್ತದೆ, ಬ್ರೌಸರು ಮತ್ತು ಬಹುತೇಕ ಪಿಡಿಎಫ್ ವೀಕ್ಷಕಗಳಲ್ಲಿ ಹಾಗಲ್ಲ. ಹೀಗಾಗಿ ಅರೆಪಾರದರ್ಶಕ ಅಂಚುಗಳು ಗಿಂಪ್‌ನಲ್ಲಿ ತುಸು ತೆಳ್ಳಗೆ, ಹೊರಗೆ ತುಸು ದಪ್ಪಗೆ ಕಾಣುತ್ತವೆ. ಅಲ್ಲಿ ತೆಳ್ಳಗಿದೆ ಎಂದು ಅಂಕಿಗಳನ್ನು ಬಿಗಿ ಮಾಡುತ್ತಾ ಹೋಗದೆ, ಫೈಲನ್ನು ಬ್ರೌಸರಿನಲ್ಲಿ ತೆರೆದು ನೋಡಿ ತೀರ್ಮಾನಿಸಿ.

ಗಿಂಪ್‌ನಲ್ಲೇ `Color to Alpha` ಎಂಬ ಸಿದ್ಧ ದಾರಿ ಇದೆಯಲ್ಲ ಎಂದು ಕೇಳುವವರಿರುತ್ತಾರೆ. ಇದೆ, ಕೆಟ್ಟದ್ದೂ ಅಲ್ಲ. ಆದರೆ ಅದು ಬಿಳಿಯನ್ನು ಎಷ್ಟು ಸಾಧ್ಯವೋ ಅಷ್ಟೂ ಹಿಂಡಿ ತೆಗೆಯುತ್ತದೆ. ನಮ್ಮ 70, 60, 158 ಅದರ ಕೈಯಲ್ಲಿ 13, 0, 128 ಎಂಬ ಕಡುನೀಲಿಯಾಗಿ, ಪೂರ್ತಿ ಇಂಕಿರುವಲ್ಲೂ ಶೇಕಡಾ 76 ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಬಿಳಿ ಪುಟದ ಮೇಲೆ ಮೂಲದ ಬಣ್ಣವೇ ಮರಳಿ ಬರುತ್ತದೆ, ಬಣ್ಣದ ಪುಟದ ಮೇಲೆ ಬೇರೆಯೇ ಆಗುತ್ತದೆ. ಜತೆಗೆ ಕಾಗದ 255 ಅಲ್ಲವಾದ್ದರಿಂದ, ಅದರ ಮಿತಿಗಳನ್ನು ಹೊಂದಿಸದಿದ್ದರೆ ಇಡೀ ಚೌಕಕ್ಕೆ ತೆಳುವಾದ ಬೂದು ಪರದೆ ಉಳಿಯುತ್ತದೆ. ಎರಡು ಬಣ್ಣದ ಇಂಕಿರುವ ಸೀಲಿಗೆ ಮಾತ್ರ ಅದನ್ನು ನಾನು ಒಪ್ಪುತ್ತೇನೆ.

ಆಜ್ಞೆಯಲ್ಲಿ

ಹತ್ತಾರು ಸೀಲುಗಳಿದ್ದರೆ ಪ್ರತಿಯೊಂದಕ್ಕೂ ಮೌಸ್ ಹಿಡಿಯುವುದು ಬೇಸರದ ಕೆಲಸ. ಆಜ್ಞೆ ಟೈಪ್ ಮಾಡಿ ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್ 7ರಲ್ಲಿ ಇದೇ ಲೆಕ್ಕ ಎರಡು ಸಾಲು:

```
magick scan.png -channel R -separate +channel -level 27%,88% -negate alpha.png
magick alpha.png -background "#463C9E" -alpha shape -units PixelsPerInch -density 600 seal.png
```

ಮೊದಲ ಸಾಲು ಕೆಂಪು ಚಾನೆಲ್ ಬೇರ್ಪಡಿಸಿ, 70 ಮತ್ತು 225ಕ್ಕೆ ಸಮನಾದ ಶೇಕಡಾವಾರುಗಳಲ್ಲಿ ಮಟ್ಟ ಹೊಂದಿಸಿ, ತಿರುವುಮುರುವು ಮಾಡುತ್ತದೆ. ಎರಡನೆಯದು ಆ ಬೂದು ಚಿತ್ರವನ್ನೇ ಆಲ್ಫಾ ಮಾಡಿ, ಬಣ್ಣವನ್ನು ತುಂಬುತ್ತದೆ. `alpha.png` ಅನ್ನು ಬೇರೆಯಾಗಿ ಉಳಿಸಿಕೊಳ್ಳುವುದರಿಂದ ಧೂಳನ್ನು ಅದರಲ್ಲೇ ಒರೆಸಬಹುದು, ನಾಳೆ ಬಣ್ಣ ಬದಲಿಸಬೇಕೆಂದರೆ ಎರಡನೆಯ ಸಾಲನ್ನಷ್ಟೇ ಓಡಿಸಿದರಾಯಿತು.

ಕೊನೆಯಲ್ಲಿರುವ 600 ಅಲಂಕಾರಕ್ಕಲ್ಲ. ಚಿತ್ರದ ಪಿಕ್ಸೆಲ್‌ಗಳು ಎಷ್ಟು ದೊಡ್ಡದಾಗಿ ಪುಟದ ಮೇಲೆ ಕೂರಬೇಕು ಎಂದು ವರ್ಡ್, ಲಿಬ್ರೆ ಆಫೀಸಿನಂಥವು ತಿಳಿಯುವುದು ಅದರಿಂದಲೇ. ಅದು ಇಲ್ಲದಿದ್ದರೆ 898 ಪಿಕ್ಸೆಲ್‌ಗಳ ಸೀಲು 96 ಡಿಪಿಐ ಲೆಕ್ಕದಲ್ಲಿ ಸುಮಾರು 24 ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿ ಪುಟವನ್ನೇ ಆವರಿಸುತ್ತದೆ. ಆಮೇಲೆ ಅಂದಾಜಿನಲ್ಲಿ ಕುಗ್ಗಿಸಿದರೆ ಒಂದೊಂದು ಪತ್ರದಲ್ಲಿ ಒಂದೊಂದು ಗಾತ್ರ.

ಪತ್ರದೊಳಗೆ

ಸೀಲನ್ನು ಒತ್ತುವ ರೂಢಿ ಸಹಿಯ ಮೇಲೆ ಅಥವಾ ಹೆಸರಿನ ಸಾಲಿನ ಮೇಲೆ ಅಷ್ಟೋ ಇಷ್ಟೋ ಬರುವಂತೆ. ಕಾಗದದಲ್ಲಿ ನೇರಳೆ ಇಂಕು ಕಪ್ಪು ಅಕ್ಷರದ ಮೇಲೆ ಬಿದ್ದರೆ ಅಕ್ಷರ ಕಪ್ಪಾಗಿಯೇ ಓದಿಸಿಕೊಳ್ಳುತ್ತದೆ. ನಮ್ಮ ಪಿಎನ್‌ಜಿಯನ್ನು ಅಕ್ಷರದ ಮೇಲಿಟ್ಟರೆ ಹಾಗಾಗುವುದಿಲ್ಲ. ಆಲ್ಫಾ ಒಂದಿರುವಲ್ಲಿ ಕೆಳಗಿನ ಅಕ್ಷರವನ್ನು ಅದು ಪೂರ್ತಿ ಮುಚ್ಚುತ್ತದೆ. ಸೀಲು ಅಂಟಿಸಿದ್ದು ಎಂದು ಒಂದೇ ನೋಟಕ್ಕೆ ತಿಳಿಯುವುದು ಇದರಿಂದಲೇ.

ಟೈಪ್ ಮಾಡಿದ ಪತ್ರವಾದರೆ ಪರಿಹಾರ ಸುಲಭ. ಚಿತ್ರವನ್ನು ಅಕ್ಷರಗಳ ಹಿಂದೆ ಕಳಿಸಿ: ವರ್ಡ್‌ನಲ್ಲಿ `Behind Text`, ಲಿಬ್ರೆ ಆಫೀಸಿನಲ್ಲಿ `In Background`. ಕಪ್ಪು ಅಕ್ಷರ ಮೇಲೆ ಬಂದು, ಕಾಗದದಲ್ಲಿ ಕಾಣುವಂತೆಯೇ ಕಾಣುತ್ತದೆ. ವರ್ಡ್ ಬಳಸುವವರು ಆಯ್ಕೆಗಳಲ್ಲಿ ಚಿತ್ರದ ಗುಣಮಟ್ಟದ ಭಾಗಕ್ಕೆ ಹೋಗಿ `Do not compress images in file` ಗುರುತು ಹಾಕಿರಬೇಕು. ಇಲ್ಲದಿದ್ದರೆ ಫೈಲು ಉಳಿಸುವಾಗ ಸೀಲು ತಾನಾಗಿ ಕುಗ್ಗಿ ಸಣ್ಣ ಅಕ್ಷರ ಮಸುಕಾಗಬಹುದು.

ಈಗಾಗಲೇ ಪಿಡಿಎಫ್ ಆಗಿರುವ ಪತ್ರದ ಮೇಲೆ ಹಾಕಬೇಕಾದಾಗ ಹಿಂದೆ ಕಳಿಸುವ ಅವಕಾಶವಿರುವುದಿಲ್ಲ. ಬಳಸುವ ತಂತ್ರಾಂಶದಲ್ಲಿ ಮಲ್ಟಿಪ್ಲೈ ಎಂಬ ಬೆರಕೆ ವಿಧಾನ ಇದ್ದರೆ ಅದನ್ನೇ ಆರಿಸಿ, ನಿಜವಾದ ಇಂಕಿನ ವರ್ತನೆಗೆ ಹತ್ತಿರವಾದದ್ದು ಅದೇ. ಇಲ್ಲವಾದರೆ ಇನ್ನೊಂದು ಉಪಾಯ: ಆಲ್ಫಾವನ್ನು ಗರಿಷ್ಠ ಶೇಕಡಾ 80ಕ್ಕೆ ಇಳಿಸಿ, ಕಳೆದುಹೋದ ಗಾಢತೆಯನ್ನು ಬಣ್ಣಕ್ಕೆ ತುಂಬಿಕೊಡಿ. ಬಿಳಿಯ ಮೇಲೆ ಮತ್ತೆ 70, 60, 158 ಬರಬೇಕೆಂದರೆ ತುಂಬಬೇಕಾದ ಬಣ್ಣ 24, 11, 134, ಅಂದರೆ `#180B86`. ಮೊದಲ ಆಜ್ಞೆಯಲ್ಲಿ `-negate` ಆದಮೇಲೆ `-evaluate multiply 0.8` ಸೇರಿಸಿ, ಎರಡನೆಯದರಲ್ಲಿ ಬಣ್ಣ ಬದಲಿಸಿದರೆ ಆಯಿತು. ಕಪ್ಪು ಅಕ್ಷರದ ಮೇಲೆ ಬಿದ್ದಾಗ ಈಗ 19, 9, 107 ಎಂಬ ಕಡುಬಣ್ಣ ಬರುತ್ತದೆ. ಸುತ್ತಲಿನ ನೇರಳೆಗಿಂತ ಅದು ಸಾಕಷ್ಟು ಗಾಢವಾದ್ದರಿಂದ ಅಕ್ಷರ ಓದಲು ಸಿಗುತ್ತದೆ.

ಪಿಡಿಎಫ್ ಮಾಡುವಾಗ ಪಿಡಿಎಫ್/ಎ-1 ಮಾದರಿಯನ್ನು ಕೇಳಿದ್ದರೆ ಎಚ್ಚರ. ಆ ಮಾದರಿಯಲ್ಲಿ ಪಾರದರ್ಶಕತೆಗೆ ಜಾಗವಿಲ್ಲ, ಹಾಗಾಗಿ ಪರಿವರ್ತಿಸುವ ತಂತ್ರಾಂಶ ಆಲ್ಫಾವನ್ನು ಕಿತ್ತುಹಾಕಿ ಸೀಲಿನ ಹಿಂದೆ ಬಿಳಿ ಚೌಕ ಕೂರಿಸಬಹುದು, ಇಲ್ಲವೇ ಆ ಭಾಗವನ್ನೆಲ್ಲ ಚಿತ್ರವಾಗಿ ಚಪ್ಪಟೆ ಮಾಡಬಹುದು. ಪಿಡಿಎಫ್/ಎ-2ರಲ್ಲಿ ಈ ನಿರ್ಬಂಧ ಇಲ್ಲ.

ಹಳೆಯ ಪತ್ರದ ಮೇಲಿನ ಸೀಲು ಮಾತ್ರ ಇದ್ದರೆ

ರಬ್ಬರ್ ಸವೆದುಹೋಗಿ, ಹಿಂದೆ ಒತ್ತಿದ ಪತ್ರವಷ್ಟೇ ಉಳಿದಿರುತ್ತದೆ. ಅದರಲ್ಲೂ ಸೀಲಿನ ಕೆಳಗೆ ಅಚ್ಚಾದ ಕಪ್ಪು ಅಕ್ಷರ. ಕೆಂಪು ಚಾನೆಲ್ಲಿನಲ್ಲಿ ಎರಡೂ ಕಪ್ಪೇ, ಬೇರ್ಪಡುವುದಿಲ್ಲ. ಆದರೆ ಕಪ್ಪು ಅಕ್ಷರ ನೀಲಿಯನ್ನೂ ನುಂಗುತ್ತದೆ, ನೇರಳೆ ಇಂಕು ನೀಲಿಯನ್ನು ಉಳಿಸಿರುತ್ತದೆ. ಆದ್ದರಿಂದ ನೀಲಿ ಚಾನೆಲ್ಲಿನಿಂದ ಕೆಂಪನ್ನು ಕಳೆದರೆ ಕಾಗದದಲ್ಲೂ ಕಪ್ಪಿನಲ್ಲೂ ಉತ್ತರ ಸೊನ್ನೆಯ ಹತ್ತಿರ, ಇಂಕಿನಲ್ಲಿ ಮಾತ್ರ 88ರಷ್ಟು. ಅದನ್ನೇ ಹಿಗ್ಗಿಸಿ ಆಲ್ಫಾ ಮಾಡಿಕೊಳ್ಳಬಹುದು. ಅಂತರ ಅರ್ಧಕ್ಕೆ ಇಳಿದಿರುವುದರಿಂದ ಕಾಗದದ ಕಾಳುಕಾಳು ಹೆಚ್ಚಾಗಿ ಕಾಣುತ್ತದೆ, ಮತ್ತು ಎರಡೂ ಒಂದರ ಮೇಲೊಂದು ಬಿದ್ದ ಕಡೆ ಸೀಲಿನಲ್ಲಿ ತೂತು ಉಳಿಯುತ್ತದೆ. ಆ ತೂತುಗಳನ್ನು ಕೈಯಿಂದ ಮುಚ್ಚುವುದಕ್ಕಿಂತ ರಬ್ಬರನ್ನು ಹೊಸದಾಗಿ ಮಾಡಿಸುವುದು ಮೇಲು.

ಫೈಲು ಯಾರ ಕೈಯಲ್ಲಿ

ಸೀಲಿನ ಚಿತ್ರ ಡಿಜಿಟಲ್ ಸಹಿಯಲ್ಲ, ಪತ್ರ ಬದಲಾಗಿಲ್ಲ ಎಂಬುದಕ್ಕೆ ಅದು ಸಾಕ್ಷಿಯೂ ಆಗುವುದಿಲ್ಲ. ಇಷ್ಟು ಚೊಕ್ಕವಾಗಿ ಬೇರ್ಪಡಿಸಿದ ಚಿತ್ರ ಪಿಡಿಎಫ್‌ನೊಳಗೆ ಹಾಗೆಯೇ ಕೂತಿರುತ್ತದೆ. `pdfimages -list patra.pdf` ಎಂದು ಕೊಟ್ಟರೆ ಸೀಲು ಒಂದು `image` ಸಾಲಾಗಿಯೂ ಅದರ ಆಲ್ಫಾ ಪಕ್ಕದಲ್ಲೇ `smask` ಸಾಲಾಗಿಯೂ ಕಾಣುತ್ತದೆ. ಪತ್ರ ಪಡೆದ ಯಾರೇ ಆದರೂ ಎರಡನ್ನೂ ಹೊರತೆಗೆದು ಜೋಡಿಸಿಕೊಳ್ಳಬಹುದು. ಅದು ಬೇಡವೆಂದಾದರೆ ಕಳಿಸುವ ಮುನ್ನ ಪುಟವನ್ನು 200 ಡಿಪಿಐ ಚಿತ್ರವಾಗಿ ಚಪ್ಪಟೆ ಮಾಡಿ ಪಿಡಿಎಫ್‌ಗೆ ಸೇರಿಸಿ. ಪತ್ರದ ಅಕ್ಷರಗಳನ್ನು ಆಗ ಹುಡುಕಲು, ನಕಲು ಮಾಡಲು ಬರುವುದಿಲ್ಲ, ಫೈಲಿನ ಗಾತ್ರವೂ ಸಾಮಾನ್ಯವಾಗಿ ಹಿಗ್ಗುತ್ತದೆ. ಸೀಲಂತೂ ಪುಟದೊಂದಿಗೆ ಬೆರೆತುಹೋಗಿರುತ್ತದೆ; ಅದನ್ನು ಮತ್ತೆ ಬೇರ್ಪಡಿಸಬೇಕೆನ್ನುವವರು ಮೇಲಿನ ಕೆಲಸವನ್ನು 200 ಡಿಪಿಐನಲ್ಲಿ, ಅಡ್ಡಬಿದ್ದ ಅಕ್ಷರಗಳ ಸಮೇತ, ಮೊದಲಿಂದ ಮಾಡಬೇಕಾಗುತ್ತದೆ.